ಸ್ಟಾಪ್ ಲಾಸ್ 1,350ಕ್ಕೆ, ಕೈಗೆ ಬಂದದ್ದು 1,250: ರಾತ್ರಿಯ ಗ್ಯಾಪ್ ಮತ್ತು ಆಟೋ ಎಕ್ಸಿಟ್

ಬೆಂಗಳೂರಿನಲ್ಲಿ ಆಫೀಸ್ ಕೆಲಸದ ಜೊತೆಗೆ ಸ್ವಿಂಗ್ ಟ್ರೇಡ್ ಮಾಡುವವರಿಗೆ ಮಾರ್ಕೆಟ್ ತೆರೆಯುವ 9:15 ಅಂದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಹೊತ್ತು. ಹಾಗಾಗಿ ಬೆಲೆ ಮುಟ್ಟಿದಾಗ ತಾನೇ ಹೊರಡುವ ಜಿಟಿಟಿ ಆರ್ಡರ್ ಹಾಕಿಯೋ ಪುಟ್ಟ ಸ್ಕ್ರಿಪ್ಟ್ ಬರೆದೋ ಎಕ್ಸಿಟ್ಟನ್ನು ಅದಕ್ಕೇ ಒಪ್ಪಿಸಿಬಿಡುತ್ತೇವೆ. ಆದರೆ ಸ್ಟಾಪ್ ಲಾಸ್ ಎಂದು ನಾವು ಬರೆದಿಡುವ ಸಂಖ್ಯೆ ಮಾರಾಟದ ಬೆಲೆಯಲ್ಲ. ಆ ಬೆಲೆ ಮುಟ್ಟಿದಾಗ ಅಥವಾ ದಾಟಿದಾಗ ಆರ್ಡರ್ ಹೊರಡುತ್ತದೆ, ಅಷ್ಟೇ. ಕೊಳ್ಳುವವರು ಯಾವ ಬೆಲೆಗೆ ನಿಂತಿರುತ್ತಾರೋ ಅದೇ ಸಿಗುವುದು.

ನಮ್ಮೂರಿನ ಇನ್ಫೋಸಿಸ್ಸನ್ನೇ ತೆಗೆದುಕೊಳ್ಳಿ. 2023ರ ಏಪ್ರಿಲ್ 13ರಂದು ಮಾರ್ಕೆಟ್ ಮುಚ್ಚಿದ ಮೇಲೆ ತ್ರೈಮಾಸಿಕ ಫಲಿತಾಂಶ ಬಂತು. ಆ ದಿನದ ಕ್ಲೋಸ್ ಸುಮಾರು 1,389. 14ನೇ ತಾರೀಕು ರಜೆ, ಆಮೇಲೆ ಶನಿವಾರ, ಭಾನುವಾರ. 17ರ ಸೋಮವಾರ ಷೇರು ಹತ್ತು ಪರ್ಸೆಂಟ್ ಕೆಳಗೆ, ಸುಮಾರು 1,250ಕ್ಕೆ ತೆರೆದುಕೊಂಡಿತು. ನಡುವೆ ಇನ್ನೂ ಕುಸಿದು, ಕೊನೆಗೆ 1,258ರ ಆಸುಪಾಸಿನಲ್ಲಿ ಮುಚ್ಚಿತು.

ಯಾರೋ ಒಬ್ಬರು 1,420ಕ್ಕೆ ಕೊಂಡು, ಟ್ರಿಗರ್ 1,350, ಲಿಮಿಟ್ 1,345 ಅಂತ ಜಿಟಿಟಿ ಇಟ್ಟಿದ್ದಾರೆ ಅಂದುಕೊಳ್ಳಿ. ಬೆಳಿಗ್ಗೆ ಟ್ರಿಗರ್ ಆಗುತ್ತದೆ, 'ಟ್ರಿಗರ್ಡ್' ಅನ್ನುವ ಮೆಸೇಜೂ ಬರುತ್ತದೆ. ಆದರೆ ಹೊರಟದ್ದು 1,345ಕ್ಕಿಂತ ಕಡಿಮೆಗೆ ಮಾರಬೇಡ ಎನ್ನುವ ಆರ್ಡರ್. ಕೊಳ್ಳುವವರು ಇರುವುದು 1,250ರಲ್ಲಿ. ಆರ್ಡರ್ ದಿನವಿಡೀ ಪೆಂಡಿಂಗ್ ಇದ್ದು ಸಂಜೆ ರದ್ದಾಗುತ್ತದೆ. ಜಿಟಿಟಿ ಮುಗಿದಿರುತ್ತದೆ, ಷೇರು ಮಾತ್ರ ಡಿಮ್ಯಾಟ್‌ನಲ್ಲೇ ಇರುತ್ತದೆ. ಟ್ರಿಗರ್ ಮೆಸೇಜ್ ನೋಡಿ ನೆಮ್ಮದಿಯಾಗಬೇಡಿ, ಆರ್ಡರ್ ಬುಕ್ಕಿನಲ್ಲಿ 'ಕಂಪ್ಲೀಟ್' ಇದೆಯೇ ನೋಡಿ.

ಹಾಗಾದರೆ ಲಿಮಿಟ್ಟನ್ನು ತೀರಾ ಕೆಳಗೆ, 1,200ಕ್ಕೆ ಇಟ್ಟರೆ? ಲಿಮಿಟ್ ಕೆಳಗಿದ್ದ ಮಾತ್ರಕ್ಕೆ ಅಗ್ಗಕ್ಕೆ ಹೋಗುವುದಿಲ್ಲ, ಇರುವುದರಲ್ಲಿ ಒಳ್ಳೆಯ ಬಿಡ್ಡಿಗೇ ಮಾರಾಟವಾಗುತ್ತದೆ. ತೊಡಕು ಬೇರೆ ಕಡೆ ಇದೆ. ಎಫ್ ಅಂಡ್ ಓ ಷೇರುಗಳಿಗೆ ಖಾಯಂ ಸರ್ಕ್ಯೂಟ್, ಅಂದರೆ ದಿನದ ಬೆಲೆ ಮಿತಿ, ಇಲ್ಲದಿದ್ದರೂ ದಿನದ ಆರಂಭಕ್ಕೆ ಹತ್ತು ಪರ್ಸೆಂಟಿನ ಬ್ಯಾಂಡ್ ಇರುತ್ತದೆ, ವ್ಯಾಪಾರ ಅಂಚಿಗೆ ಬಂದಾಗ ಅದನ್ನು ಸಡಿಲಿಸುತ್ತಾರೆ. ಬ್ಯಾಂಡ್ ಇನ್ನೂ 1,250ರಲ್ಲಿ ಇರುವಾಗ 1,200ರ ಆರ್ಡರ್ ಹೋದರೆ ಎಕ್ಸ್‌ಚೇಂಜ್ ಅದನ್ನು ರಿಜೆಕ್ಟ್ ಮಾಡುತ್ತದೆ. ಜಿಟಿಟಿ ಮತ್ತೆ ಪ್ರಯತ್ನಿಸುವುದಿಲ್ಲ. ಅದಕ್ಕೇ ನಾನು ಬೆಲೆಯನ್ನು ರಾತ್ರಿಯೇ ಬರೆದಿಡುವುದಿಲ್ಲ, ಝೆರೋಧಾದ ಕೈಟ್ ಎಪಿಐ ಬಳಸುವ ಸ್ಕ್ರಿಪ್ಟ್ ಆ ಕ್ಷಣದಲ್ಲಿ ಲೆಕ್ಕ ಹಾಕುತ್ತದೆ:

```python
q = kite.quote("NSE:INFY")["NSE:INFY"]
bid = q["depth"]["buy"][0]["price"]
price = max(q["lower_circuit_limit"], bid * 0.98)
```

ಬಂದ ಬೆಲೆಯನ್ನು ಟಿಕ್ ಸೈಜಿಗೆ ಮೇಲ್ಮುಖವಾಗಿ ರೌಂಡ್ ಮಾಡಬೇಕು, ಕೆಳಮುಖವಾಗಿ ಮಾಡಿದರೆ ಬ್ಯಾಂಡಿನ ಆಚೆ ಬೀಳಬಹುದು. ಆರ್ಡರ್ ಕಳಿಸಿದ ಕೆಲವು ಸೆಕೆಂಡಿಗೆ ಸ್ಥಿತಿ ನೋಡಿ, ಪೂರ್ತಿ ಹೋಗಿಲ್ಲವಾದರೆ ಹೊಸ ಬಿಡ್ ಓದಿ ಮಾಡಿಫೈ ಮಾಡುವ ಲೂಪ್ ಬೇಕು. ಲೋವರ್ ಸರ್ಕ್ಯೂಟ್‌ಗೆ ಬಿದ್ದ ಸಣ್ಣ ಷೇರಿನಲ್ಲಿ ಇದ್ಯಾವುದೂ ನಡೆಯದು, ಕೊಳ್ಳುವವರೇ ಇಲ್ಲದಿದ್ದರೆ ಸ್ಕ್ರಿಪ್ಟ್ ಏನು ಮಾಡೀತು?

ಬೆಲೆಗಿಂತ ಮೊದಲು ಕೈಕೊಡುವ ಸಂಗತಿಗಳು ಎರಡು. ಕೈಟ್ ಎಪಿಐ ಟೋಕನ್ ಬೆಳಗಾದರೆ ಮುಗಿದಿರುತ್ತದೆ, ಲಾಗಿನ್ ಆಗದ ಸ್ಕ್ರಿಪ್ಟ್ ತೆಪ್ಪಗೆ ಕೂತಿರುತ್ತದೆ. ಡೆಲಿವರಿ ಷೇರು ಮಾರಲು ಬ್ರೋಕರಿಗೆ ಡಿಡಿಪಿಐ ಎಂಬ ಒಪ್ಪಿಗೆ ಪತ್ರ ಕೊಟ್ಟಿಲ್ಲದಿದ್ದರೆ, ಡಿಮ್ಯಾಟ್ ಖಾತೆಯ ಪಿನ್ ಆದ ಟಿಪಿನ್ ಹಾಕುವ ತನಕ ಮಾರಾಟವೇ ಆಗುವುದಿಲ್ಲ.

ಇನ್ನು ಬ್ಯಾಕ್‌ಟೆಸ್ಟ್. ಸ್ಟಾಪ್ ಬೆಲೆಗೇ ಮಾರಾಟವಾಯಿತು ಅಂತ ಬರೆದ ಕೋಡ್ ಲಾಭವನ್ನು ಉಬ್ಬಿಸಿ ತೋರಿಸುತ್ತದೆ. ಲಾಂಗ್ ಪೊಸಿಷನ್‌ಗೆ ಕನಿಷ್ಠ ಹೀಗಿರಲಿ:

```python
fill = min(stop, day_open)
```

ಇದೂ ಸ್ವಲ್ಪ ಉದಾರವೇ. ಓಪನ್ ಬೆಲೆ ನಿರ್ಧಾರವಾಗುವುದು 9:00ಕ್ಕೆ ಶುರುವಾಗುವ ಪ್ರೀ-ಓಪನ್ ಹರಾಜಿನಲ್ಲಿ, ಸ್ಟಾಪ್ ಲಾಸ್ ಆರ್ಡರಿಗೆ ಅಲ್ಲಿ ಪ್ರವೇಶವಿಲ್ಲ. ನಮ್ಮದು ಹೊರಡುವುದು 9:15ರ ನಂತರ. ಆದ್ದರಿಂದ ನಾನು ಅದರಿಂದ ಇನ್ನರ್ಧ ಪರ್ಸೆಂಟ್ ಕಳೆಯುತ್ತೇನೆ. ಹರಾಜಿನಲ್ಲೇ ಮಾರಬೇಕೆಂದರೆ 9:05ರೊಳಗೆ ಸೂಚಿತ ಬೆಲೆ ನೋಡಿ ಮಾಮೂಲಿ ಆರ್ಡರ್ ಹಾಕಬೇಕು, ಪೂರ್ತಿ ಹೋಗುತ್ತದೆಂಬ ಖಾತ್ರಿ ಅಲ್ಲೂ ಇಲ್ಲ.

ಈಗ ದುಡ್ಡಿನ ಲೆಕ್ಕ. ಐದು ಲಕ್ಷ ಬಂಡವಾಳ, ಒಂದು ಪರ್ಸೆಂಟ್ ರಿಸ್ಕ್, ಅಂದರೆ 5,000. ಕೊಂಡ ಬೆಲೆಗೂ ಸ್ಟಾಪಿಗೂ 70 ರೂಪಾಯಿ ಅಂತರ, 71 ಷೇರು. 1,250ಕ್ಕೆ ಹೊರಬಿದ್ದರೆ ಷೇರಿಗೆ 170ರಂತೆ 12,070 ನಷ್ಟ, ಅಂದುಕೊಂಡದ್ದರ ಎರಡೂವರೆ ಪಟ್ಟಿಗೆ ಹತ್ತಿರ. ಹಾಗಾಗಿ ಫಲಿತಾಂಶದ ಹಿಂದಿನ ಮಧ್ಯಾಹ್ನ ನನ್ನ ಸ್ಕ್ರಿಪ್ಟ್ ಸ್ಟಾಪನ್ನು ನೋಡುವುದೇ ಇಲ್ಲ. ಆ ದಿನದ ಬೆಲೆಗಿಂತ ಹತ್ತು ಪರ್ಸೆಂಟ್ ಕೆಳಗೆ ಎಕ್ಸಿಟ್ ಆಯಿತೆಂದು ಇಟ್ಟುಕೊಂಡು 5,000ವನ್ನು 170ರಿಂದ ಭಾಗಿಸುತ್ತದೆ: 29 ಷೇರು. ಉಳಿದ 42ನ್ನು 3:30ರೊಳಗೆ ಮಾರುತ್ತದೆ.