ಡಿಸ್ಚಾರ್ಜ್ ಸಮ್ಮರಿಯ ಮೇಲೆ ಒಂದು ಬಾಕ್ಸ್: ಡಿಜೆ ಸ್ಟೆಂಟ್ ಮರೆಯುವ ಪೇಷೆಂಟ್‌ಗಳನ್ನು ವಾಪಸ್ ಕರೆಸಿದ ನನ್ನ ಅನುಭವ

ನಾನು ಯುರಾಲಜಿ ಕೇಸುಗಳು ಜಾಸ್ತಿ ಬರುವ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್. ಆಪರೇಷನ್ ಮಾಡುವವರು ಕನ್ಸಲ್ಟೆಂಟ್, ಸಮ್ಮರಿ ಟೈಪ್ ಮಾಡಿಸುವವನು ನಾನು. ಕಲ್ಲು ಒಡೆದ ಮೇಲೆ ಕಿಡ್ನಿಯಿಂದ ಮೂತ್ರದ ಚೀಲದವರೆಗೆ ಒಳಗೆ ಬಿಟ್ಟ ತೆಳು ಪೈಪ್, ಅಂದರೆ ಡಿಜೆ ಸ್ಟೆಂಟ್, ತೆಗೆಸಿಕೊಳ್ಳಲು ಜನ ಯಾಕೆ ಬರಲ್ಲ ಅನ್ನುವುದು ನನಗೆ ಎರಡು ವರ್ಷದ ತಲೆನೋವಾಗಿತ್ತು. ಈಗ ಬರುತ್ತಾರೆ. "ಕಾಗದ ತಿದ್ದಿದರೆ ಪೇಷೆಂಟ್ ಬರ್ತಾನಾ?" ಅಂತ ನಕ್ಕವರು ನಮ್ಮಲ್ಲೇ ನಾಲ್ಕು ಜನ ಇದ್ದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ.

ಶುರುವಾದದ್ದು ಒಬ್ಬ ರೈತರಿಂದ. ಬಲಗಡೆ ಮೂತ್ರನಾಳದ ಕಲ್ಲು, ಮೂತ್ರದ ದಾರಿಯಿಂದಲೇ ದುರ್ಬೀನು ಬಿಟ್ಟು ಕಲ್ಲು ಒಡೆಯುವ ಯುಆರ್‌ಎಸ್‌ಎಲ್ ಆಗಿ, 26 ಸೆಂಟಿಮೀಟರಿನ ಸ್ಟೆಂಟ್ ಹಾಕಿ ಮೂರನೇ ದಿನ ಮನೆಗೆ ಕಳಿಸಿದ್ದೆವು. ಅವರು ಮತ್ತೆ ಬಂದದ್ದು ಹದಿನಾಲ್ಕು ತಿಂಗಳ ಮೇಲೆ, ಚಳಿಜ್ವರದಲ್ಲಿ ನಡುಗುತ್ತಾ. ಎಕ್ಸ್‌ರೇ ನೋಡಿದರೆ ಸ್ಟೆಂಟಿನ ಎರಡೂ ತುದಿಯ ಸುರುಳಿಗೆ ಕಲ್ಲು ಕಟ್ಟಿಕೊಂಡಿತ್ತು. ಕೆಳಗಿನದು ಹೆಚ್ಚುಕಮ್ಮಿ ನಿಂಬೆಹಣ್ಣಿನಷ್ಟು. ಮೂತ್ರದ ಚೀಲದೊಳಗಿನ ಕಲ್ಲು ಒಡೆದು, ಆಮೇಲೆ ಬೆನ್ನಿನಿಂದ ತೂತು ಮಾಡಿ ಕಿಡ್ನಿಯದನ್ನು ತೆಗೆದು, ಎರಡು ಸಲ ಅಡ್ಮಿಷನ್. ಬಿಲ್ಲು ಎಂಬತ್ತು ಸಾವಿರ ದಾಟಿತು. ಸಮಯಕ್ಕೆ ಬಂದಿದ್ದರೆ ಮೂರೂವರೆ ಸಾವಿರದೊಳಗೆ, ಮರಗಟ್ಟಿಸುವ ಜೆಲ್ಲಿ ಹಾಕಿ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಸಮ್ಮರಿ ತೆಗೆದು ನೋಡಿದ ಮೇಲೆ ಸಿಟ್ಟು ನಮ್ಮ ಕಡೆಗೇ ತಿರುಗಿತು. ಎರಡು ಪುಟದ ಇಂಗ್ಲಿಷಿನಲ್ಲಿ ಸ್ಟೆಂಟಿನ ವಿಷಯ ಇದ್ದದ್ದು ಎರಡೇ ಕಡೆ. ಆಪರೇಷನ್ ನೋಟಿನ ಏಳನೇ ಸಾಲಿನಲ್ಲಿ "ಡಿಜೆ ಸ್ಟೆಂಟ್ ಇನ್ ಸಿಟು". ಕೊನೆಯಲ್ಲಿ, ಮಾತ್ರೆಗಳೆಲ್ಲ ಮುಗಿದ ಮೇಲೆ, "ರಿವ್ಯೂ ಆಫ್ಟರ್ ಟೂ ವೀಕ್ಸ್". ರಿವ್ಯೂ ಯಾತಕ್ಕೆ ಅಂತ ಇಲ್ಲ. ಎರಡು ವಾರ ಎಣಿಸುವುದು ಆಪರೇಷನ್ನಿಂದಲೋ ಡಿಸ್ಚಾರ್ಜಿನಿಂದಲೋ, ಅದೂ ಇಲ್ಲ.

ಆ ರೈತರು ಹೇಳಿದ ಒಂದು ಮಾತು ನನ್ನ ಕಣ್ಣು ತೆರೆಸಿತು. "ಪೈಪ್ ಆವತ್ತೇ ತೆಗೆದ್ರಲ್ಲ ಸಾರ್, ಸಿಸ್ಟರ್ರೇ ತೆಗೆದ್ರು." ಅವರು ಹೇಳುತ್ತಿದ್ದದ್ದು ಕ್ಯಾಥೆಟರ್! ಹೊರಗೆ ಕಾಣುವ ಪೈಪ್ ಹೋಯಿತು, ಇವರ ಲೆಕ್ಕದಲ್ಲಿ ಪೈಪ್ ಕಥೆ ಮುಗಿಯಿತು. ಆಮೇಲೆ ಹತ್ತಾರು ಜನರನ್ನು ಕೇಳಿದೆ. ಅರ್ಧದಷ್ಟು ಜನ ಹೀಗೇ ಅಂದುಕೊಂಡಿದ್ದರು. ಇನ್ನು ಕೆಲವರಿಗೆ "ಸ್ಟೆಂಟ್" ಅನ್ನುವ ಪದವೇ ದಾರಿ ತಪ್ಪಿಸಿತ್ತು. ಹಾರ್ಟಿಗೆ ಹಾಕಿದ ಸ್ಟೆಂಟ್ ಜೀವಮಾನ ಪೂರ್ತಿ ಒಳಗೇ ಇರುತ್ತದೆ ಅನ್ನುವುದು ಈಗ ಹಳ್ಳಿಹಳ್ಳಿಗೂ ಗೊತ್ತು. ಇದೂ ಹಾಗೇ ಅಂದುಕೊಂಡರೆ ತಪ್ಪು ಅವರದ್ದಾ?

ಇನ್ನೊಂದು ತುದಿ ಊರಿನ ಡಾಕ್ಟರದ್ದು. ಈ ರೈತರು ನಡುವೆ ಮೂರು ಸಲ ಉರಿಮೂತ್ರ ಅಂತ ಹೋಗಿದ್ದರು. ಯೂರಿನ್ ಟೆಸ್ಟಿನಲ್ಲಿ ಪಸ್ ಸೆಲ್ಸ್ ಇತ್ತು, ಮೂರು ಸಲವೂ ಆಂಟಿಬಯಾಟಿಕ್ ಆಯಿತು. ಸ್ಟೆಂಟ್ ಒಳಗಿದ್ದರೆ ಪಸ್ ಸೆಲ್ಸೂ ರಕ್ತಕಣವೂ ಕಾಣುವುದು ಮಾಮೂಲು ಅಂತ ನಿಮಗೆ ಗೊತ್ತು. ಆದರೆ ಸ್ಟೆಂಟ್ ಇದೆ ಅಂತಲೇ ಆ ಡಾಕ್ಟರಿಗೆ ಗೊತ್ತಿಲ್ಲ. ಸಮ್ಮರಿ ತೋರಿಸಿದ್ದರಂತೆ. ನಲವತ್ತು ಜನ ಹೊರಗೆ ಕಾಯುತ್ತಿರುವಾಗ ಏಳನೇ ಸಾಲು ಯಾರು ಓದುತ್ತಾರೆ? ನಾನಾದರೂ ಓದುತ್ತಿರಲಿಲ್ಲ.

ಮೊದಲ ಪ್ರಯತ್ನ ಅದೇ ಸಾಲನ್ನು ಬೋಲ್ಡ್ ಮಾಡಿದ್ದು. ಏನೂ ಬದಲಾಗಲಿಲ್ಲ. ಅಲರ್ಜಿ, ಡಯಾಗ್ನೋಸಿಸ್, ಔಷಧದ ಹೆಸರು, ಎಲ್ಲವೂ ಮೊದಲೇ ಬೋಲ್ಡ್ ಇದ್ದವು.

ಎರಡನೆಯದು ರಬ್ಬರ್ ಸ್ಟಾಂಪ್. ಕೆಂಪು ಇಂಕು, ನನ್ನ ಕೈಯಿಂದಲೇ ನಾನೂರು ರೂಪಾಯಿ. ತಾರೀಕನ್ನು ಕೈಯಲ್ಲಿ ತುಂಬಬೇಕಿತ್ತು. ರಾತ್ರಿ ಡ್ಯೂಟಿಯವರು ತುಂಬುತ್ತಿರಲಿಲ್ಲ. ಖಾಲಿ ಜಾಗದ ಸ್ಟಾಂಪ್ ಹೊತ್ತುಕೊಂಡು ಪೇಷೆಂಟ್ ಮನೆಗೆ ಹೋಗುತ್ತಿದ್ದರು.

ಮೂರನೆಯದಕ್ಕೆ ಖರ್ಚೂ ಜಾಸ್ತಿ, ನಗೆಪಾಟಲೂ ಜಾಸ್ತಿ. ಇಡೀ ಸಮ್ಮರಿಗಳ ಕನ್ನಡ ಅನುವಾದ. ಪುಟಕ್ಕೆ ಇನ್ನೂರು ಕೊಟ್ಟು ಒಬ್ಬರಿಂದ ಮಾಡಿಸಿದೆ, ಒಟ್ಟು ಆರೇಳು ಸಾವಿರ ಹೋಯಿತು. ಅವರು ನುಡಿ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟದ್ದನ್ನು ನಮ್ಮ ಸಾಫ್ಟ್‌ವೇರಿಗೆ ಅಂಟಿಸಿದರೆ ಬರೀ ಗೀಚು ಬಂತು. ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿದೆವು. ಆಮೇಲೆ ಪ್ರಿಂಟ್ ತೆಗೆದು ನಮ್ಮ ವಾರ್ಡಿನ ಆಯಮ್ಮನ ಕೈಗೆ ಕೊಟ್ಟೆ. ಏಳನೇ ಕ್ಲಾಸ್ ಓದಿದವರು. "ಜೋರಾಗಿ ಓದಮ್ಮ" ಅಂದೆ. "ಎರಡು ವಾರಗಳ ತರುವಾಯ ಪುನರ್ವಿಮರ್ಶೆಗೆ ಹಾಜರಾಗತಕ್ಕದ್ದು" ಅಂತ ತಡವರಿಸಿ ಓದಿ, ತಲೆಯೆತ್ತಿ ಕೇಳಿದರು: "ಇದು ಕೋರ್ಟಿಂದು ಬಂದಿದ್ದಾ ಸಾರ್?"

ಅವತ್ತಿನಿಂದ ಆಯಮ್ಮನೇ ನನ್ನ ಪರೀಕ್ಷಕರು. ಅವರು ಒಂದೇ ಸಲಕ್ಕೆ ಓದಿ, ಅದೇ ಮಾತನ್ನು ತಿರುಗಿ ತಮ್ಮ ಮಾತಿನಲ್ಲಿ ಹೇಳಿದರೆ ಮಾತ್ರ ಸಾಲು ಪಾಸ್.

ಕೊನೆಗೆ ನಿಂತದ್ದು ಇದು. ಸಮ್ಮರಿಯ ಹೂರಣ ಮುಟ್ಟುವುದಿಲ್ಲ. ಇನ್ಶೂರೆನ್ಸಿಗೆ ಹೋಗುವುದೂ ಅದೇ ಕಾಗದ. ಒಂದು ಸಲ ಅಪ್‌ಲೋಡ್ ಆದ ಪ್ರತಿಗೂ ಪೇಷೆಂಟ್ ಕೈಲಿದ್ದ ಪ್ರತಿಗೂ ವ್ಯತ್ಯಾಸ ಬಂದು ಕ್ಲೇಮ್ ಹದಿನೈದು ದಿನ ನಿಂತು, ನಾನು ಬಿಲ್ಲಿಂಗಿನವರ ಹತ್ತಿರ ಚೆನ್ನಾಗಿ ಬೈಸಿಕೊಂಡಿದ್ದೇನೆ. ಹಾಗಾಗಿ ತಿದ್ದುವುದೆಲ್ಲ ಕನ್ಸಲ್ಟೆಂಟ್ ಸಹಿಗೆ ಮುಂಚೆ. ಮೊದಲ ಪುಟದಲ್ಲಿ, ಹೆಸರು ವಯಸ್ಸಿನ ಕೆಳಗೇ, ಒಂದು ಬಾಕ್ಸ್. ಮೇಲರ್ಧ ಮುಂದಿನ ಡಾಕ್ಟರಿಗೆ ಇಂಗ್ಲಿಷಿನಲ್ಲಿ, ಕೆಳಗರ್ಧ ಪೇಷೆಂಟಿಗೆ ಕನ್ನಡದಲ್ಲಿ.

2025ರ ಒಂದು ಕೇಸಿನದ್ದನ್ನೇ ಹೇಳುತ್ತೇನೆ. ಆಪರೇಷನ್ ಫೆಬ್ರವರಿ 25ಕ್ಕೆ, ಮನೆಗೆ 27ಕ್ಕೆ. ಡಾಕ್ಟರ ಭಾಗದ ಸಾರ ಹೀಗಿತ್ತು: ಬಲಗಡೆ ಡಿಜೆ ಸ್ಟೆಂಟ್ ಇದೆ, ಹಾಕಿದ್ದು ಫೆಬ್ರವರಿ 25, ತೆಗೆಯಬೇಕಾದ್ದು ಮಾರ್ಚ್ 18, ಯಾವ ಕಾರಣಕ್ಕೂ ಮೇ 25 ದಾಟಬಾರದು. ಸ್ಟೆಂಟ್ ಇರುವವರೆಗೆ ಯೂರಿನ್ನಿನಲ್ಲಿ ಪಸ್ ಸೆಲ್ಸ್, ರಕ್ತಕಣ ಕಾಣಬಹುದು. ಜ್ವರ ಇಲ್ಲದೆ ಬರೀ ಅದಕ್ಕೇ ಆಂಟಿಬಯಾಟಿಕ್ ಬೇಡ, ಅನುಮಾನ ಇದ್ದರೆ ಮೊದಲು ಕಲ್ಚರ್. ಉರಿ, ಪದೇ ಪದೇ ಹೋಗುವುದಕ್ಕೆ ಟ್ಯಾಮ್ಸುಲೋಸಿನ್ ನಡೆಯುತ್ತಿದೆ. ಚಳಿಜ್ವರ ಬಂದರೆ ಅದೇ ದಿನ ಕಳಿಸಿ. ಕೊನೆಗೆ ರಾತ್ರಿಯೂ ಎತ್ತುವ ಒಂದು ಫೋನ್ ನಂಬರ್.

"ಮೇ 25 ದಾಟಬಾರದು" ಅನ್ನುವ ಸಾಲಿಗೆ ಕನ್ಸಲ್ಟೆಂಟ್ ಮೊದಲು ಒಪ್ಪಲಿಲ್ಲ. "ಅಲ್ಲಿವರೆಗೂ ಟೈಮ್ ಇದೆ ಅಂದ್ಕೋತಾರೆ" ಅಂದರು. ಅವರ ಮಾತೂ ಸರಿ. ಅದಕ್ಕೇ ಅದು ಇಂಗ್ಲಿಷ್ ಭಾಗದಲ್ಲಿ ಮಾತ್ರ. ನಾವು ಬಳಸುವ ಸ್ಟೆಂಟಿಗೆ ಮೂರು ತಿಂಗಳ ಗಡುವು. ತಡವಾಗಿ ಸಿಕ್ಕ ಪೇಷೆಂಟನ್ನು ಎಷ್ಟು ಅವಸರದಲ್ಲಿ ಕಳಿಸಬೇಕು ಅಂತ ಆ ಡಾಕ್ಟರಿಗೆ ಗೊತ್ತಾಗಬೇಕಲ್ಲ.

ಕನ್ನಡ ಭಾಗ ಪೂರ್ತಿ ಕೊಡುತ್ತೇನೆ, ಬೇಕಾದವರು ಎತ್ತಿಕೊಳ್ಳಿ: "ನಿಮ್ಮ ಬಲಗಡೆ ಕಿಡ್ನಿಯಿಂದ ಮೂತ್ರದ ಚೀಲದವರೆಗೆ ಒಂದು ತೆಳು ಪೈಪ್ ಒಳಗೇ ಇದೆ. ಹೊರಗಿನಿಂದ ಕಾಣುವುದಿಲ್ಲ. ವಾರ್ಡಿನಲ್ಲಿ ಸಿಸ್ಟರ್ ತೆಗೆದದ್ದು ಬೇರೆ ಪೈಪ್. ಇದು ತಾನಾಗಿ ಕರಗುವುದಿಲ್ಲ. ನೋವಿಲ್ಲದಿದ್ದರೂ ತೆಗೆಸಲೇಬೇಕು. ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟುತ್ತದೆ. ಮಾರ್ಚ್ 18, ಮಂಗಳವಾರ, ಬೆಳಿಗ್ಗೆ 10ಕ್ಕೆ ಬನ್ನಿ. ಹತ್ತು ನಿಮಿಷದ ಕೆಲಸ, ಅವತ್ತೇ ಮನೆಗೆ. ಖರ್ಚು ಸುಮಾರು 3,500 ರೂಪಾಯಿ. ಭಾರದ ಕೆಲಸ ಮಾಡಿದಾಗ ಮೂತ್ರ ಸ್ವಲ್ಪ ಕೆಂಪಾದರೆ ಗಾಬರಿ ಬೇಡ, ನೀರು ಕುಡಿಯಿರಿ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಅವತ್ತೇ ಬನ್ನಿ."

ಇದರಲ್ಲಿ ಜಾಸ್ತಿ ಜಗಳ ಆದದ್ದು 3,500ಕ್ಕೆ. ಸಮ್ಮರಿಯಲ್ಲಿ ರೇಟ್ ಹಾಕಿದವರುಂಟಾ ಅಂತ ಅಕೌಂಟ್ಸಿನವರು ಹಾರಾಡಿದರು. ಆದರೆ ತಪ್ಪಿಸಿಕೊಂಡವರಿಗೆ ನಾನು ಫೋನ್ ಮಾಡಿದಾಗ ಕೇಳಿದ ಉತ್ತರ ಹೆಚ್ಚಾಗಿ ಒಂದೇ: "ಇನ್ನೊಂದ್ ಆಪರೇಷನ್ನಿಗೆ ದುಡ್ಡು ಹೊಂದಿಸ್ತಾ ಇದೀವಿ ಸಾರ್." ಮತ್ತೆ ನಲವತ್ತು ಸಾವಿರ ಆಗುತ್ತದೆ ಅಂತ ಹೆದರಿ ಕೂತಿದ್ದರು. ರೇಟ್ ಬರೆದ ಮೇಲೆ ಆ ಮಾತು ನಿಂತೇಹೋಯಿತು.

ತಾರೀಕಿನ ವಿಷಯದಲ್ಲೂ ಒಂದು ಪಾಠ ಆಯಿತು. ಕಂಪ್ಯೂಟರ್ ತಾನೇ 21 ದಿನ ಕೂಡಿಸಿ ಹಾಕುವ ಹಾಗೆ ಮಾಡಿದ್ದೆ, ಹೆಮ್ಮೆಯಿಂದ. ಮೊದಲ ತಿಂಗಳಲ್ಲೇ ಮೂರು ಜನ ಭಾನುವಾರ ಬಂದು ಬೀಗ ನೋಡಿ ಹೋದರು. ಒಬ್ಬರಿಗಂತೂ ಗಣೇಶನ ಹಬ್ಬದ ದಿನವೇ ಬಂದಿತ್ತು. ಈಗ ಕನ್ಸಲ್ಟೆಂಟ್ ಸಿಗುವ ಮಂಗಳವಾರ ಇಲ್ಲವೇ ಶುಕ್ರವಾರ ನೋಡಿ ನಾನೇ ಕೈಯಲ್ಲಿ ಹಾಕುತ್ತೇನೆ. ಟೆಂಪ್ಲೇಟಿನಿಂದ ಕಾಪಿ ಮಾಡುವಾಗ ಎಡ ಬಲ ಅದಲುಬದಲಾಗುವುದು ಇನ್ನೂ ದೊಡ್ಡ ಅಪಾಯ. ಎರಡು ಸಲ ಹಿಡಿದೆ. ಅದಕ್ಕೇ ಬಾಕ್ಸಿನಲ್ಲಿ ಎಡ ಬಲದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಆಪರೇಷನ್ ನೋಟ್ ತೆಗೆದು, ಎಕ್ಸ್‌ರೇ ಎತ್ತಿ ನೋಡಿ ತುಂಬದೆ ಪ್ರಿಂಟ್ ಆಗಲ್ಲ.

ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ನಮ್ಮ ಸಿಸ್ಟರ್ ದನಿಯಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ಕ್ಯೂಆರ್ ಕೋಡ್ ಅಂಟಿಸಿದೆ. ಪೇಷೆಂಟ್‌ಗಳು ಒಬ್ಬರೂ ಕೇಳಲಿಲ್ಲ, ಬೆಂಗಳೂರಿನಲ್ಲಿರುವ ಮಕ್ಕಳು ಕೇಳಿದರು. ಅಪ್ಪನಿಗೆ ಫೋನ್ ಮಾಡಿ ಬೈದು ಕಳಿಸಿದರು, ಅಷ್ಟರಮಟ್ಟಿಗೆ ಲಾಭ. ಮಾತ್ರೆಗೆ ಸೂರ್ಯ ಚಂದ್ರನ ಚಿತ್ರ ಹಾಕಿದ್ದು ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟಿನಲ್ಲಿ ಎರಡೂ ಒಂದೇ ತರ ಕಂಡಿತು, ಬಿಟ್ಟೆ. ನಿಜವಾಗಿ ಕೆಲಸ ಮಾಡಿದ್ದು ಎಕ್ಸ್‌ರೇ. ಆಪರೇಷನ್ ಆದ ಮೇಲಿನ ಫಿಲ್ಮಿನ ಫೋಟೋ ತೆಗೆದು, ಪೈಪಿಗೆ ಒಂದು ಬಾಣದ ಗುರುತು ಹಾಕಿ, ಮನೆಯವರ ವಾಟ್ಸಾಪಿಗೆ ಕಳಿಸುತ್ತೇವೆ. ಎರಡು ಕಡೆ ಕೊಕ್ಕೆಯಿರುವ ಬಿಳಿ ಗೆರೆ ತನ್ನ ಹೊಟ್ಟೆಯೊಳಗಿದೆ ಅಂತ ಕಣ್ಣಾರೆ ಕಂಡವರು ಮರೆಯುವುದಿಲ್ಲ. ಡಿಸ್ಚಾರ್ಜಿನ ಹೊತ್ತಿಗೆ ಯಾರ ಮುಂದೆ, ಯಾವ ಪ್ರಶ್ನೆ ಕೇಳಿ ಕಳಿಸುತ್ತೇನೆ ಅನ್ನುವುದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಪಕ್ಕದ ರಸ್ತೆಯ ಆಸ್ಪತ್ರೆಯವರೂ ಇದನ್ನು ಓದುತ್ತಾರೆ!

ಲೆಕ್ಕ ಹೇಳಬೇಕೆಂದರೆ, ತಿಂಗಳಿಗೆ ಇಪ್ಪತ್ತು ಇಪ್ಪತ್ತೆರಡು ಸ್ಟೆಂಟ್. ಮೊದಲು ಐದಾರು ಜನ ಹೇಳಿದ ವಾರದಲ್ಲಿ ಬರುತ್ತಿರಲಿಲ್ಲ. ಈಗ ಒಬ್ಬರು, ಕೆಲವು ತಿಂಗಳು ಅದೂ ಇಲ್ಲ. ನಕ್ಕಿದ್ದ ಕನ್ಸಲ್ಟೆಂಟ್ ಈಗ ಬಾಕ್ಸ್ ಇಲ್ಲದ ಸಮ್ಮರಿಗೆ ಸಹಿ ಹಾಕಲ್ಲ. ಊರಿನ ಡಾಕ್ಟರುಗಳು ಫೋನ್ ಮಾಡತೊಡಗಿದ್ದಾರೆ. ಅದರಲ್ಲಿ ಒಬ್ಬರು ಕೇಳಿದ್ದು, "ಪಸ್ ಸೆಲ್ಸ್ ಇಪ್ಪತ್ತಿದೆ, ಜ್ವರ ಇಲ್ಲ, ನಿಮ್ಮ ಬಾಕ್ಸ್ ಪ್ರಕಾರ ಸುಮ್ನಿರ್ಲಾ?" ಸುಮ್ಮನಿದ್ದರು, ಕಲ್ಚರ್ ಕಳಿಸಿದರು, ಏನೂ ಬೆಳೆಯಲಿಲ್ಲ.

ಬಾಕ್ಸ್ ಸೋತದ್ದೂ ಇದೆ. ಕಳೆದ ತಿಂಗಳು ಎರಡೂ ಕಡೆ ಸ್ಟೆಂಟ್ ಇದ್ದ ಒಬ್ಬ ಹೆಂಗಸು. ಎಡಗಡೆಯದು ತೆಗೆದೆವು, ಬಲಗಡೆ ಇನ್ನೊಂದು ಕಲ್ಲಿತ್ತು, ಅದಕ್ಕೆ ತಿಂಗಳು ಬಿಟ್ಟು ಬರಬೇಕು. ಹಳೇ ಸಮ್ಮರಿಯ ಬಾಕ್ಸಿನ ಮೇಲೆ ಯಾರೋ ಪೆನ್ನಿನಲ್ಲಿ "ತೆಗೆದಿದೆ" ಅಂತ ಬರೆದು ಕೊಟ್ಟರು. ಅವರು ಅದನ್ನೇ ನಂಬಿ ತವರಿಗೆ ಹೋಗಿದ್ದರು, ಮೂರು ಫೋನಿನ ಮೇಲೆ ಸಿಕ್ಕರು. ಈಗ ಎರಡು ಸ್ಟೆಂಟಿಗೆ ಎರಡು ಬಾಕ್ಸ್, ಒಂದು ತೆಗೆದ ದಿನ ಹಳೇ ಕಾಗದ ವಾಪಸ್ ಇಟ್ಟುಕೊಂಡು ಉಳಿದದ್ದಕ್ಕೆ ಹೊಸದು ಪ್ರಿಂಟ್. ಆಯಮ್ಮ ಅದಕ್ಕೆ ಒಂದು ಸಾಲು ಸೇರಿಸಿಸಿದ್ದಾರೆ: "ಒಂದು ತೆಗೆದಾಯ್ತು, ಇನ್ನೊಂದು ಇನ್ನೂ ಒಳಗಿದೆ."