ಫೇಲ್ ಆದ ಪೇಮೆಂಟ್‌ಗಳನ್ನು ಮರಳಿ ತಂದ ನನ್ನ ಅನುಭವ

ಹುಬ್ಬಳ್ಳಿಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬ್ಯಾಡಗಿ ಖಾರದಪುಡಿಯನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಕಾರ್ಡ್‌ನ ನೂರು ಆರ್ಡರ್‌ಗಳಲ್ಲಿ ಇಪ್ಪತ್ತರ ಹತ್ತಿರ ಫೇಲ್ ಆಗುತ್ತಿದ್ದವು. ತಿಂಗಳಿಗೆ ಸುಮಾರು ಮೂವತ್ತು ಸಾವಿರದ ವ್ಯಾಪಾರ ಕೈತಪ್ಪುತ್ತಿತ್ತು. ಬ್ಯಾಂಕ್ ಬೇಡ ಅಂದರೆ ಅದರ ಕಾರಣ ಸೂಚಿಸುವ ಒಂದು ಕೋಡ್ ಬರುತ್ತದೆ, ಅದನ್ನು ನೋಡೋಣ ಅಂದುಕೊಂಡಿದ್ದೆ. "ಗೇಟ್‌ವೇ ಬದಲಿಸ್ರಿ, ಆ ಕೋಡ್ ನೋಡಿ ಏನ್ ಮಾಡ್ತೀರಿ?" ಅಂದರು ಗೆಳೆಯರು. ಗೇಟ್‌ವೇ ಅಂದರೆ ಗ್ರಾಹಕರ ಕಾರ್ಡಿನಿಂದ ನಮಗೆ ಹಣ ತಲುಪಿಸುವ ಸೇವೆ. ಬದಲಿಸಿದೆ. ಎಂಟು-ಹತ್ತು ಸಾವಿರ ಖರ್ಚಾಯಿತು, ಫೇಲ್ ಮಾತ್ರ ಕಡಿಮೆಯಾಗಲಿಲ್ಲ.

ಆಮೇಲೆ ಗೇಟ್‌ವೇ ಕೊಡುವ ಪೇಮೆಂಟ್ ವರದಿ ಇಳಿಸಿಕೊಂಡು `error_step` ಕಾಲಮ್ ನೋಡತೊಡಗಿದೆ. `payment_authentication` ಅಂತಿದ್ದರೆ ಪೇಮೆಂಟ್ ಒಟಿಪಿ ಹಂತದಲ್ಲೇ ನಿಂತಿದೆ. ರೊಕ್ಕ ಕೊಡು ಅಂತ ಬ್ಯಾಂಕನ್ನು ಇನ್ನೂ ಕೇಳಿಯೇ ಇಲ್ಲ, ಹಾಗಾಗಿ ಬ್ಯಾಂಕಿನ ಕೋಡ್ ಹುಡುಕುವುದು ಸುಮ್ನೆ. `payment_authorization` ಅಂತಿದ್ದರೆ ಮಾತ್ರ ಬ್ಯಾಂಕ್ ಬೇಡ ಅಂದಿದೆ, ಕೋಡ್ ನೋಡಬೇಕು.

ಪುಣೆಯ ಒಬ್ಬ ಅಕ್ಕಾರ 1,850 ರೂಪಾಯಿ ಆರ್ಡರ್ ಎರಡು ಸಲ ಫೇಲ್ ಆಯಿತು. "ಒಟಿಪಿ ಹಾಕೀನ್ರೀ, ಖಾತೇದಾಗ ರೊಕ್ಕಾನೂ ಐತಿ" ಅಂದರು. ಕೋಡ್ 57 ಇತ್ತು. ಅಂದರೆ ಈ ಕಾರ್ಡಿಗೆ ಇಂಥ ವ್ಯವಹಾರಕ್ಕೆ ಅನುಮತಿ ಇಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡಿನಲ್ಲಿ ಆನ್‌ಲೈನ್ ಬಳಕೆ ಬಂದ್ ಇರುತ್ತದೆ, ಗ್ರಾಹಕರೇ ಶುರು ಮಾಡಿಕೊಳ್ಳಬೇಕು. ಅವರದು ಅಂಗಡಿಯಲ್ಲಿ ಸ್ವೈಪ್ ಮಾಡಲಷ್ಟೇ ಬಳಸಿದ್ದ ಹೊಸ ಕಾರ್ಡ್. ಬ್ಯಾಂಕ್ ಆಪ್‌ನ ಕಾರ್ಡ್ ಸೆಟ್ಟಿಂಗ್‌ನಲ್ಲಿ ಆನ್‌ಲೈನ್ ಅನ್ನುವುದನ್ನು ಆನ್ ಮಾಡಿ, ಮಿತಿ ಎರಡು ಸಾವಿರದ ಮೇಲೆ ಇಡಿ ಅಂದೆ. ಹತ್ತೇ ನಿಮಿಷದಲ್ಲಿ ಹಣ ಬಂತು.

51 ಬಂದರೆ ಖಾತೆಯಲ್ಲಿ ಹಣ ಸಾಲದು. ಅಂಥವರಿಗೆ ಫೋನ್ ಮಾಡಿ ಮುಜುಗರ ಮಾಡಬಾರದು, ಹಣ ಇದ್ದಾಗ ಕೊಡಲಿ ಅಂತ ಯುಪಿಐ ಲಿಂಕ್ ಕಳಿಸುತ್ತೇನೆ. 91 ಅಂದರೆ ಬ್ಯಾಂಕಿನ ವ್ಯವಸ್ಥೆಯೇ ಉತ್ತರ ಕೊಟ್ಟಿಲ್ಲ, ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದರೆ ಬಹಳ ಸಲ ಆಗುತ್ತದೆ. ಕಷ್ಟದ್ದು 05. ಬ್ಯಾಂಕ್ ಕಾರಣ ಹೇಳದೆ ಬೇಡ ಅನ್ನುತ್ತದೆ, ನಮಗೆ ಏನೂ ತಿಳಿಯುವುದಿಲ್ಲ. ಅದೇ ಕಾರ್ಡಿನಲ್ಲಿ ಮೇಲಿಂದ ಮೇಲೆ ಪ್ರಯತ್ನಿಸಿದರೆ ಬ್ಯಾಂಕಿಗೆ ಅನುಮಾನ ಜಾಸ್ತಿಯಾಗಬಹುದು. ಗ್ರಾಹಕರು ಬ್ಯಾಂಕಿಗೇ ಫೋನ್ ಮಾಡಲಿ, ಇಲ್ಲವೇ ಬೇರೆ ಕಾರ್ಡ್ ಬಳಸಲಿ. 41, 43 ಕಂಡರೆ ಕಾರ್ಡ್ ಕಳೆದದ್ದು ಅಥವಾ ಕದ್ದದ್ದು ಅಂತ ವರದಿಯಾಗಿದೆ, ಅಲ್ಲಿಗೆ ಆರ್ಡರ್ ಕೈಬಿಡುತ್ತೇನೆ.

ಒಟಿಪಿ ಹಂತದಲ್ಲಿ ಬಿದ್ದವರ ಹಿಂದೆಯೂ ಬಿದ್ದು ನೋಡಿದೆ. ಬಹಳ ಜನ ಇನ್‌ಸ್ಟಾಗ್ರಾಂ ಲಿಂಕ್ ಒತ್ತಿ ಬಂದವರು. ಆ ಆಪ್ ಒಳಗೇ ಪುಟ ತೆರೆಯುತ್ತದೆ. ಒಟಿಪಿ ನೋಡಲು ಮೆಸೇಜ್‌ಗೆ ಹೋಗಿ ಬರುವಷ್ಟರಲ್ಲಿ ಕೆಲವು ಫೋನ್‌ಗಳಲ್ಲಿ ಪುಟ ಮಾಯ! ನನ್ನ ಹಳೆಯ ಫೋನಿನಲ್ಲೂ ಮಾಡಿ ನೋಡಿದೆ, ಅದೇ ಆಯಿತು. ಈಗ ಅಲ್ಲಿಂದ ಬಂದವರಿಗೆ "ಕ್ರೋಮ್‌ನಲ್ಲಿ ತೆರೆಯಿರಿ" ಅಂತ ಮೊದಲೇ ತೋರಿಸುತ್ತೇನೆ. ಇಪ್ಪತ್ತರ ಹತ್ತಿರ ಇದ್ದ ಫೇಲ್ ಈಗ ಎಂಟು-ಒಂಬತ್ತಕ್ಕೆ ಇಳಿದಿದೆ. ಗೇಟ್‌ವೇ ಬದಲಿಸಿ ಅಂದಿದ್ದ ಗೆಳೆಯರೇ ಈಗ ತಮ್ಮ ವರದಿ ಹಿಡಿದು ಬರುತ್ತಾರೆ.