ಮುರಿದ ಚೂರಿನಿಂದ ಇಡೀ ವೃತ್ತದ ಅಳತೆ ಹಿಡಿಯುವುದು ಹೇಗೆ?

ದುಂಡನೆಯ ಗಾಜಿನ ತಟ್ಟೆಯೊಂದು ಒಡೆದು, ಅಂಚಿನ ಒಂದೇ ಒಂದು ಚೂರು ಉಳಿದಿದೆ ಅಂದುಕೊಳ್ಳಿ. ನಡುಬಿಂದು ಎಲ್ಲಿತ್ತೋ ಗೊತ್ತಿಲ್ಲ. ಇಡೀ ತಟ್ಟೆ ಎಷ್ಟು ಅಗಲ ಇತ್ತು? ಒಂದು ಉದ್ದ, ಒಂದು ಕೋನ ಅಳೆದರೆ ಸಾಕು, ಉತ್ತರ ಸಿಗುತ್ತದೆ. ಅದಕ್ಕೆ ಬೇಕಾದ ಸೂತ್ರ ಇದು: a / sin A = 2R. ತ್ರಿಭುಜದ ಒಂದು ಬಾಹುವನ್ನು ಅದರ ಎದುರಿನ ಕೋನದ ಸೈನ್‌ನಿಂದ ಭಾಗಿಸಿದರೆ, ಆ ತ್ರಿಭುಜದ ಮೂರೂ ಶೃಂಗಗಳ ಮೂಲಕ ಹೋಗುವ ವೃತ್ತದ ವ್ಯಾಸ ಬರುತ್ತದೆ. R ಅಂದರೆ ಆ ಪರಿವೃತ್ತದ ತ್ರಿಜ್ಯ.

ಸೈನ್ ನಿಯಮವನ್ನು ಬಹಳ ಮಂದಿ ಅರ್ಧಕ್ಕೇ ಕಲಿತು ನಿಲ್ಲಿಸುತ್ತಾರೆ. ಮೂರು ಬಾಹುಗಳನ್ನೂ ಹೀಗೆ ಅವುಗಳ ಎದುರಿನ ಕೋನದ ಸೈನ್‌ನಿಂದ ಭಾಗಿಸಿದರೆ ಬರುವ ಮೂರು ಭಾಗಲಬ್ಧಗಳೂ ಸಮ ಅಂತ ಬಾಯಿಪಾಠ ಹೇಳುತ್ತಾರೆ. ಸಮ ಸರಿ, ಆದರೆ ಯಾವುದಕ್ಕೆ ಸಮ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಮಕ್ಕಳಿಗೆ ಹೇಳಿಕೊಡುವಾಗ ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸೂತ್ರ ಗೊತ್ತಿದ್ದವರೂ ಕೋನ 90 ಡಿಗ್ರಿ ದಾಟಿದ ಕೂಡಲೇ ದಾರಿ ತಪ್ಪುತ್ತಾರೆ. ಮುರಿದ ಚೂರಿನಲ್ಲಿ ಸಿಗುವುದು ಹೆಚ್ಚಾಗಿ ಅಂಥ ಕೋನವೇ. ಹಾಗಾಗಿ ಅದನ್ನೇ ಇಟ್ಟುಕೊಂಡು ಮಾಡೋಣ.

ಮೊದಲ ಹೆಜ್ಜೆ ಸುಲಭ. ಚೂರನ್ನು ಬಿಳಿ ಹಾಳೆಯ ಮೇಲಿಟ್ಟು ಅದರ ಬಾಗಿದ ಅಂಚನ್ನು ಸಣ್ಣ ಪೆನ್ಸಿಲಿನಿಂದ ಎಳೆದುಕೊಳ್ಳಿ. ಅಂಚಿನ ಎರಡು ತುದಿಗಳಿಗೆ B, C ಅಂತ ಹೆಸರಿಡಿ. ನಡುವೆ ಅಂಚಿನ ಮೇಲೆ ಎಲ್ಲಾದರೂ A ಗುರುತು ಹಾಕಿ. ಮೂರನ್ನೂ ಗೆರೆಗಳಿಂದ ಸೇರಿಸಿ. BC ಅಳೆಯಿರಿ. ನಮ್ಮ ಚೂರಿನಲ್ಲಿ ಅದು 24 ಸೆಂ.ಮೀ. ಇರಲಿ.

ಎರಡನೆಯದು A ಕೋನವನ್ನು ಅಳೆಯುವುದು. ಇಲ್ಲಿ ಸ್ವಲ್ಪ ನಿಧಾನ ಮಾಡಿ. ಎಷ್ಟೋ ಕೋನಮಾಪಕಗಳಲ್ಲಿ ಸೊನ್ನೆಯ ಗೆರೆ ಪ್ಲಾಸ್ಟಿಕ್ಕಿನ ಕೆಳಗಿನ ಅಂಚಿನಲ್ಲಿ ಇರುವುದಿಲ್ಲ, ಅಂಚಿನಿಂದ ಸ್ವಲ್ಪ ಮೇಲಿರುತ್ತದೆ. ಅಂಚನ್ನೇ ಗೆರೆಗೆ ಕೂರಿಸಿದರೆ ಒಂದೆರಡು ಡಿಗ್ರಿ ಸುಮ್ನೆ ತಪ್ಪಿಹೋಗುತ್ತದೆ. ಅಂಗೈಯಗಲದ ಪುಟ್ಟ ಕೋನಮಾಪಕವನ್ನು ಈ ಕೆಲಸಕ್ಕೆ ತೆಗೆದುಕೊಳ್ಳಲೇಬೇಡಿ. ದೊಡ್ಡದನ್ನು ಬಳಸಿ, AB ಮತ್ತು AC ಗೆರೆಗಳನ್ನು ಅದರ ಅಂಚು ದಾಟುವಷ್ಟು ಉದ್ದಕ್ಕೆ ಎಳೆದು ಓದಿ. A ಬಿಂದು ಒಂದು ತುದಿಗೆ ತೀರಾ ಹತ್ತಿರ ಇದ್ದರೆ ಗೆರೆ ಗಿಡ್ಡವಾಗಿ ದಿಕ್ಕೇ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ನಡುಭಾಗದ ಆಸುಪಾಸಿನಲ್ಲಿ ಇಟ್ಟುಕೊಳ್ಳಿ. ನಮ್ಮ A ಕೋನ 150 ಡಿಗ್ರಿ ಬಂತು.

ಈಗ ಲೆಕ್ಕ. sin 150° ಅಂದರೆ 0.5. 24 ಅನ್ನು 0.5ರಿಂದ ಭಾಗಿಸಿದರೆ 48. ಇದು ವ್ಯಾಸ. ತ್ರಿಜ್ಯ 24 ಸೆಂ.ಮೀ. 48 ಅನ್ನೇ ತ್ರಿಜ್ಯ ಅಂತ ಬರೆದು ಎದ್ದುಹೋಗುವವರು ತುಂಬಾ ಜನ. ಅದನ್ನು ತಪ್ಪಿಸಲು ನಾನು ಒಂದು ಪಟ್ಟು ಹಿಡಿಯುತ್ತೇನೆ: ಸೂತ್ರವನ್ನು ಯಾವತ್ತೂ R = a / (2 sin A) ಅಂತ ಕಲಿಯಬೇಡಿ, ‘ಬಾಹು ಭಾಗಿಸು ಸೈನ್, ಅದು ವ್ಯಾಸ’ ಅಂತಲೇ ಕಲಿಯಿರಿ. ಆಮೇಲೆ ಬೇಕಾದರೆ ಅರ್ಧ ಮಾಡಿ.

ಲೆಕ್ಕ ಇಷ್ಟೇ. ಇದು ವ್ಯಾಸವೇ ಏಕೆ ಆಗಬೇಕು ಅನ್ನುವುದು ನಿಜವಾದ ಪ್ರಶ್ನೆ. ಜನ ಎಡವುವುದೂ ಇಲ್ಲೇ.

ಇಡೀ ವೃತ್ತವನ್ನು ಮನಸ್ಸಿನಲ್ಲಿ ಎಳೆದುಕೊಳ್ಳಿ, ಅದರ ಕೇಂದ್ರ O. ನಮಗೆ ಗೊತ್ತಿರುವ A ಕೋನವನ್ನು ಲಂಬಕೋನ ತ್ರಿಭುಜದೊಳಗೆ ತರುವುದು ಇಲ್ಲಿನ ಉಪಾಯ. ಸೈನ್ ಅನ್ನು ನಾವು ಕಲಿತಿರುವುದು ಅಲ್ಲೇ ಅಲ್ವಾ? B ಬಿಂದುವಿನಿಂದ O ಮೂಲಕ ಗೆರೆ ಎಳೆದು ವೃತ್ತದ ಆಚೆ ಬದಿ ಮುಟ್ಟಿಸಿ. ಮುಟ್ಟಿದ ಬಿಂದು D. BD ಒಂದು ವ್ಯಾಸ, ಉದ್ದ 2R. ಈಗ D ಮತ್ತು C ಸೇರಿಸಿ. ಅರ್ಧವೃತ್ತದಲ್ಲಿನ ಕೋನ ಲಂಬಕೋನ, ಆದ್ದರಿಂದ BCD ಕೋನ 90 ಡಿಗ್ರಿ. BCD ತ್ರಿಭುಜದಲ್ಲಿ BD ವಿಕರ್ಣ, D ಕೋನದ ಎದುರಿಗೆ BC. ಹಾಗಾಗಿ sin D = BC / BD, ಅಂದರೆ sin D = a / 2R.

ಉಳಿದದ್ದು ಒಂದೇ: D ಕೋನಕ್ಕೂ A ಕೋನಕ್ಕೂ ಏನು ಸಂಬಂಧ? ಹೆಚ್ಚಿನವರು ಕಣ್ಣು ಮುಚ್ಚಿ ‘D = A, ಒಂದೇ ವೃತ್ತಖಂಡದಲ್ಲಿನ ಕೋನಗಳು’ ಅಂತ ಬರೆದುಬಿಡುತ್ತಾರೆ. A ಕೋನ 90ಕ್ಕಿಂತ ಕಡಿಮೆ ಇದ್ದರೆ ಅದು ಸರಿ. ಆಗ A ಮತ್ತು D ಎರಡೂ BC ಗೆರೆಯ ಒಂದೇ ಬದಿಯಲ್ಲಿರುತ್ತವೆ. ಆದರೆ ನಮ್ಮ ಚೂರಿನ ಚಿತ್ರ ನೋಡಿ. ಅಂಚು BC ಗೆರೆಯಿಂದ ಸ್ವಲ್ಪವೇ ಉಬ್ಬಿದೆ. A ಆ ಉಬ್ಬಿನ ಮೇಲಿದೆ. ಕೇಂದ್ರ O ಇರುವುದು BC ಗೆರೆಯ ಇನ್ನೊಂದು ಬದಿಗೆ. D ಕೂಡ ಅದೇ ಬದಿಯಲ್ಲಿ, O ದಾಟಿ ದೂರದಲ್ಲಿ. A ಒಂದು ಕಡೆ, D ಇನ್ನೊಂದು ಕಡೆ. ಎರಡೂ ಒಂದೇ ವೃತ್ತಖಂಡದಲ್ಲಿ ಇಲ್ಲವೇ ಇಲ್ಲ. A 150 ಇದೆ, D ಲಂಬಕೋನ ತ್ರಿಭುಜದೊಳಗಿನ ಕೋನ, ಅದು 90 ಮುಟ್ಟುವ ಹಾಗೇ ಇಲ್ಲ. ಎರಡೂ ಸಮ ಆಗುವುದು ಹೇಗೆ?

ಇಲ್ಲಿ A, B, D, C ನಾಲ್ಕೂ ಸೇರಿ ಚಕ್ರೀಯ ಚತುರ್ಭುಜ ಆಗುತ್ತದೆ. ಅದರ ಎದುರುಬದುರಿನ ಕೋನಗಳ ಮೊತ್ತ 180. ಆದ್ದರಿಂದ D = 180° − A, ನಮ್ಮ ಲೆಕ್ಕದಲ್ಲಿ 30 ಡಿಗ್ರಿ. ಕೋನಗಳು ಬೇರೆ, ಆದರೆ ಎರಡರ ಸೈನ್ ಒಂದೇ: sin 30° ಕೂಡ 0.5, sin 150° ಕೂಡ 0.5. ವಿಶಾಲ ಕೋನದಲ್ಲಿ ಸೂತ್ರ ಬದುಕಿ ಉಳಿಯುವುದು ಈ ಒಂದು ಕಾರಣದಿಂದ. A ಸರಿಯಾಗಿ 90 ಆದರೆ D ಹೋಗಿ C ಮೇಲೇ ಕೂರುತ್ತದೆ, BCD ತ್ರಿಭುಜವೇ ಇರುವುದಿಲ್ಲ. ಆದರೆ ಆಗ BC ತಾನೇ ವ್ಯಾಸ, sin 90° = 1, ಸಾಧಿಸಲು ಏನೂ ಉಳಿದಿಲ್ಲ. ಈ ಮೂರು ಸಂದರ್ಭಗಳನ್ನೂ ಬರೆಯದಿದ್ದರೆ ಸಾಧನೆ ಪೂರ್ತಿ ಆಗಲಿಲ್ಲ ಅಂತಲೇ ನಾನು ಹೇಳುತ್ತೇನೆ.

ಇದರಿಂದ ಒಂದು ಅನುಕೂಲವೂ ಇದೆ. ಕೋನಮಾಪಕದ ತಪ್ಪು ಸಾಲು ಓದಿ 150ರ ಬದಲು 30 ಅಂತ ಬರೆದರೂ ತ್ರಿಜ್ಯ 24 ಸೆಂ.ಮೀ. ಅಂತಲೇ ಬರುತ್ತದೆ. ಕೇಂದ್ರ ಯಾವ ಬದಿಗಿದೆ ಅನ್ನುವುದು ಮಾತ್ರ ತಪ್ಪಾಗುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಗೆರೆಗೆ ನಾವು ಜ್ಯಾ ಅನ್ನುತ್ತೇವೆ. ಜ್ಯಾ ಅಂದರೆ ಬಿಲ್ಲಿನ ಹೆದೆ. ನಮ್ಮ ಚೂರನ್ನೇ ನೋಡಿ, ಅಂಚು ಬಿಲ್ಲು, BC ಹೆದೆ. ಆರ್ಯಭಟ 499ರಲ್ಲಿ ಕೋಷ್ಟಕ ಕಟ್ಟಿದ್ದು ಅರ್ಧ ಹೆದೆಯ ಅಳತೆಗಳಿಗೆ. ಆ ಜ್ಯಾ ಪದವೇ ಅರಬ್ಬಿಗೆ ಹೋಗಿ, ಅಲ್ಲಿ ಬೇರೆ ಪದವೆಂದು ಓದಿಸಿಕೊಂಡು, ಲ್ಯಾಟಿನ್ನಿಗೆ ಅನುವಾದವಾಗಿ ಸೈನ್ ಆಗಿ ತಿರುಗಿ ಬಂತು. ಹಾಗೆ ನೋಡಿದರೆ a = 2R sin A ಅನ್ನುವುದು ಹೆದೆಯ ಉದ್ದ ಹೇಳುವ ಸೂತ್ರವೇ.

ಬಂದ ಉತ್ತರವನ್ನು ಪರೀಕ್ಷಿಸದೆ ಬಿಡಬೇಡಿ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ನಿಂತಿದ್ದರೆ sin 150 ಒತ್ತಿದಾಗ −0.715 ತೋರಿಸುತ್ತದೆ. ಋಣ ಚಿಹ್ನೆ ಕಂಡ ಕೂಡಲೇ ತಪ್ಪು ಗೊತ್ತಾಗುತ್ತದೆ. ಆದರೆ ಕೋನ 120 ಆಗಿದ್ದರೆ ಅದು 0.581 ಅಂತ ತೋರಿಸುತ್ತದೆ. ನೋಡಲು ಏನೂ ತಪ್ಪಿಲ್ಲ, ನಿಜವಾದ ಬೆಲೆ ಮಾತ್ರ 0.866. ಅದಕ್ಕೇ ಕೆಲಸಕ್ಕೆ ಮೊದಲು sin 30 ಒತ್ತಿ, 0.5 ಬಂತೇ ನೋಡಿ.

ಇನ್ನೊಂದು ಪರೀಕ್ಷೆಗೆ ಕೋನವೇ ಬೇಕಿಲ್ಲ. ಬ್ರಹ್ಮಗುಪ್ತ 628ರಲ್ಲಿ ಕೊಟ್ಟ ದಾರಿ ಅದು: A ಬಿಂದುವಿನಲ್ಲಿ ಸೇರುವ ಎರಡು ಬಾಹುಗಳ ಗುಣಲಬ್ಧವನ್ನು, A ಯಿಂದ BC ಗೆ ಇಳಿಸಿದ ಲಂಬದ ಎರಡರಷ್ಟರಿಂದ ಭಾಗಿಸಿದರೆ ತ್ರಿಜ್ಯ. ನಮ್ಮ ಚೂರಿನಲ್ಲಿ AB 8.3, AC 16.4, ಲಂಬ 2.85 ಸೆಂ.ಮೀ. ಅಂದುಕೊಳ್ಳಿ. 8.3 × 16.4 = 136.1. ಅದನ್ನು 5.7ರಿಂದ ಭಾಗಿಸಿದರೆ 23.9. ಮೊದಲಿನ 24ಕ್ಕೆ ಇದು ಹೊಂದುತ್ತದೆ. ನಿಮ್ಮ ಹತ್ತಿರ ಒಳ್ಳೆಯ ಕೋನಮಾಪಕ ಇಲ್ಲದಿದ್ದರೆ ಇದನ್ನೇ ಮೊದಲ ದಾರಿಯಾಗಿ ಹಿಡಿಯಿರಿ.

ಎಷ್ಟು ನಂಬಬಹುದು? ಅದು ಚೂರಿನ ಮೇಲಿದೆ. ನಮ್ಮ ಚೂರು ಇಡೀ ಅಂಚಿನ ಆರರಲ್ಲಿ ಒಂದು ಭಾಗ. ಕೋನ ಒಂದು ಡಿಗ್ರಿ ಆಚೀಚೆ ಆದರೆ ತ್ರಿಜ್ಯ 23.3ರಿಂದ 24.8ರ ನಡುವೆ ಓಡಾಡುತ್ತದೆ. ಪರವಾಗಿಲ್ಲ. ಅದೇ 24 ಸೆಂ.ಮೀ. ಜ್ಯಾ ಇರುವ ಚಪ್ಪಟೆ ಚೂರಿನಲ್ಲಿ ಕೋನ 170 ಬಂದರೆ ತ್ರಿಜ್ಯ 69. ಅಲ್ಲಿ ಒಂದು ಡಿಗ್ರಿ ತಪ್ಪಿದರೆ 63 ಆಗಬಹುದು, 77 ಕೂಡ ಆಗಬಹುದು. ಅಷ್ಟು ಚಪ್ಪಟೆ ಚೂರಿನಿಂದ ಬಂದ ಉತ್ತರವನ್ನು ಅಂದಾಜು ಅಂತ ಮಾತ್ರ ಇಟ್ಟುಕೊಳ್ಳಿ. ಕೋನ 90ರ ಹತ್ತಿರ ಇದ್ದಾಗ ಒಂದು ಡಿಗ್ರಿಯ ತಪ್ಪು ಹೆಚ್ಚುಕಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಹಲವು ಚೂರುಗಳಿದ್ದರೆ ಅಂಚು ಜಾಸ್ತಿ ಉಳಿದಿರುವುದನ್ನೇ ಆರಿಸಿಕೊಳ್ಳಿ.

ಕೊನೆಗೆ ವೃತ್ತ ಎಳೆಯುವುದು. ಕೈವಾರವನ್ನು 24 ಸೆಂ.ಮೀ.ಗೆ ತೆರೆಯಿರಿ. ಅಷ್ಟು ದೊಡ್ಡ ಕೈವಾರ ಇಲ್ಲದಿದ್ದರೆ ಪಿನ್ನು, ಗಟ್ಟಿ ರಟ್ಟಿನ ಪಟ್ಟಿ ಸಾಕು, ದಾರ ಬೇಡ, ಅದು ಹಿಗ್ಗುತ್ತದೆ. B ಯಿಂದ ಒಂದು ಕಂಸ, C ಯಿಂದ ಒಂದು ಕಂಸ. ಅವು BC ಗೆರೆಯ ಎರಡೂ ಬದಿಗಳಲ್ಲಿ ಸಂಧಿಸುತ್ತವೆ. A ವಿಶಾಲ ಕೋನ ಆದ್ದರಿಂದ A ಇಲ್ಲದ ಬದಿಯ ಬಿಂದುವೇ ಕೇಂದ್ರ. ಅಲ್ಲಿಂದ ವೃತ್ತ ಎಳೆದರೆ ಅದು A ಮೂಲಕ ಹಾದು ಹೋಗಬೇಕು. ಹೋಗದೆ A ಯನ್ನು ತನ್ನ ಹೊಟ್ಟೆಯೊಳಗೆ ಹಾಕಿಕೊಂಡು ದೂರಕ್ಕೆ ಉಬ್ಬಿದರೆ ನೀವು ಹಿಡಿದದ್ದು ಇನ್ನೊಂದು ಬದಿಯ ಬಿಂದು. A ಮೂಲಕ ಸರಿಯಾಗಿ ಹಾದು, ಚೂರಿನ ಅಂಚಿನ ಬೇರೆ ಕಡೆ ಮಾತ್ರ ಗೆರೆ ತಪ್ಪಿದರೆ ಲೆಕ್ಕದಲ್ಲಿ ತಪ್ಪಿಲ್ಲ, ಆ ಅಂಚೇ ಸರಿಯಾದ ವೃತ್ತದ ಭಾಗ ಅಲ್ಲ.